ಖಡಕ್ ರೊಟ್ಟಿಗೆ ಉಳಿದದ್ದು 70 ದಿನ

ಉಚ್ಚಂಗಿದುರ್ಗದ ಸೀಮೆಯ ರೊಟ್ಟಿ, ಶೇಂಗಾ ಪುಡಿ, ಮಂಡಕ್ಕಿಯನ್ನು ಜರ್ಮನಿಯ ಅಂಗಡಿಯಲ್ಲಿ ಮಾರಬಹುದೇ? ಗಿರಾಕಿಗಳಿದ್ದಾರೆ, ಹಡಗೂ ಇದೆ. ಇಲ್ಲದಿರುವುದು ದಿನಗಳು. ಯಾವ ಮಾಲು ಸಮುದ್ರ ದಾಟುತ್ತದೆ, ಯಾವುದು ಹ್ಯಾಂಬರ್ಗ್ ಬಂದರಿನಲ್ಲೇ ನಿಲ್ಲುತ್ತದೆ, ಯಾವುದನ್ನು ಅಲ್ಲೇ ಬೀಸಿಕೊಳ್ಳಬೇಕು? ಒಂದು ದಿನಸಿ ಅಂಗಡಿಯ ಲೆಕ್ಕ ಇಲ್ಲಿದೆ.

ಭರತ ಹುಣ್ಣಿಮೆಯ ಜಾತ್ರೆ ಮುಗಿದಿದೆ. ಉಚ್ಚಂಗಮ್ಮನ ಗುಡ್ಡದಿಂದ ಬಂಡಿ, ಟ್ರ್ಯಾಕ್ಟರುಗಳು ಇಳಿದು ಹೋಗಿವೆ. ಕೋಟೆಯ ಕೆಳಗಿನ ಮನೆಯೊಂದರ ನಡುಮನೆಯಲ್ಲಿ ಎರಡು ಸೂಟ್‌ಕೇಸುಗಳು ಬಾಯಿ ತೆರೆದುಕೊಂಡು ಬಿದ್ದಿವೆ. ಪಕ್ಕದಲ್ಲಿ ಕೊಕ್ಕೆ ತಕ್ಕಡಿ.

ಬಟ್ಟೆ ಒಂದು ಮೂಲೆಗೆ ಸರಿದಿದೆ. ಉಳಿದ ಜಾಗವೆಲ್ಲ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಪುಡಿ, ಗುರೆಳ್ಳು ಪುಡಿ, ಬ್ಯಾಡಗಿ ಖಾರ, ದಾವಣಗೆರೆಯಿಂದ ತಂದ ಮಂಡಕ್ಕಿ.

"ಸಾಕವ್ವ, ಇಪ್ಪತ್ತಮೂರು ಕೆ.ಜಿ. ದಾಟಿತು."

"ಅಲ್ಲೇನು ಸಿಗತೈತಿ ಹೇಳು? ಆ ಅಂಗಿ ತಗದಿಡು, ರೊಟ್ಟಿ ಹಿಡಸ್ತಾವ."

ಹರಪನಹಳ್ಳಿ, ಕೊಟ್ಟೂರು, ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಎಷ್ಟೋ ಮನೆಗಳಲ್ಲಿ ರಜೆ ಮುಗಿಯುವ ಹೊತ್ತಿಗೆ ನಡೆಯುವ ಮಾತು ಇದು. ಸೂಟ್‌ಕೇಸಿನ ಮಾಲು ಒಂದೆರಡು ತಿಂಗಳಲ್ಲಿ ಖರ್ಚಾಗುತ್ತದೆ. ಆಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ಇದನ್ನೆಲ್ಲ ಇಲ್ಲೇ ಮಾರುವ ಅಂಗಡಿ ಇದ್ದರೆ?

## ಅಂಗಡಿ ಹೊಸದಲ್ಲ, ಮಾಲು ಹೊಸದು

ಹೊರನಾಡಿನಲ್ಲಿ ಭಾರತದ ದಿನಸಿ ಮಾರುವ ಅಂಗಡಿಗಳಿಗೆ ಅರ್ಧ ಶತಮಾನದ ಇತಿಹಾಸವಿದೆ. ಅಮೆರಿಕದ ದೊಡ್ಡ ಸರಣಿಯಾದ ಪಟೇಲ್ ಬ್ರದರ್ಸ್ ಶುರುವಾದದ್ದು 1974ರಲ್ಲಿ, ಷಿಕಾಗೋದ ಡೆವೊನ್ ಅವೆನ್ಯೂನ ಒಂದು ಸಣ್ಣ ಮಳಿಗೆಯಲ್ಲಿ. ಇಂದು ಯುರೋಪಿನ ಯಾವ ದೊಡ್ಡ ಊರಿಗೆ ಹೋದರೂ ತೊಗರಿಬೇಳೆ, ಸೋನಾ ಮಸೂರಿ, ಎಂಟಿಆರ್ ಪ್ಯಾಕೆಟ್ ಸಿಗುತ್ತವೆ.

ಸಿಗದಿರುವುದು ಒಂದೊಂದು ಸೀಮೆಯ ಮಾಲು. ಗುಜರಾತಿನ ಖಾಖ್ರಾ, ಕೇರಳದ ಬಾಳೆಕಾಯಿ ಚಿಪ್ಸ್ ದಾರಿ ಮಾಡಿಕೊಂಡಿವೆ. ಬಯಲುಸೀಮೆಯ ರೊಟ್ಟಿ, ಪುಡಿಗಳು ಇನ್ನೂ ಸೂಟ್‌ಕೇಸಿನಲ್ಲೇ ಇವೆ.

ಹಾಗಾದರೆ ಒಂದು ಯೋಜನೆ ಹಾಕಿ ನೋಡೋಣ. ಫ್ರಾಂಕ್‌ಫರ್ಟ್ ಸುತ್ತಲಿನ ಊರೊಂದರಲ್ಲಿ ಸಣ್ಣ ಅಂಗಡಿ. ಗಿರಾಕಿಗಳು ಐಟಿಯವರು, ವಿದ್ಯಾರ್ಥಿಗಳು, ನರ್ಸುಗಳು. ಆ ಭಾಗದಲ್ಲಿ ರೈನ್ ಮೈನ್ ಕನ್ನಡ ಸಂಘವಿದೆ. ಮ್ಯೂನಿಕ್‌ನಲ್ಲಿ ಸಿರಿಗನ್ನಡ ಕೂಟವಿದೆ. ಹಬ್ಬಕ್ಕೆ ಜನ ಸೇರುತ್ತಾರೆ, ಮುಂಗಡ ಆರ್ಡರ್ ಪಡೆಯಲು ಅದೇ ಜಾಗ.

ಮೊದಲ ತೀರ್ಮಾನ ಸುಲಭದ್ದು. ಬೇಳೆ, ಅಕ್ಕಿ, ರವೆ, ಇಂಗು, ಸಾಂಬಾರ್ ಪುಡಿಯನ್ನು ಈ ಅಂಗಡಿ ಭಾರತದಿಂದ ನೇರವಾಗಿ ತರಿಸಬಾರದು. ಯುರೋಪಿನಲ್ಲೇ ಇರುವ ಸಗಟು ಆಮದುದಾರರು ಅವನ್ನು ಕಂಟೇನರ್‌ಗಟ್ಟಲೆ ತರಿಸುತ್ತಾರೆ. ಪರೀಕ್ಷೆ, ಲೇಬಲ್, ಸುಂಕ ಎಲ್ಲ ಅವರ ತಲೆನೋವು. ಅಂಗಡಿಯವರು ವಾರಕ್ಕೊಮ್ಮೆ ಬೇಕಾದಷ್ಟು ತಂದುಕೊಂಡರೆ ಸಾಕು.

ಸ್ವಂತ ಆಮದು ಬೇಕಾಗುವುದು ಸಗಟುದಾರರಲ್ಲಿ ಇಲ್ಲದ ಮಾಲಿಗೆ ಮಾತ್ರ, ಅಂದರೆ ಆ ಸೂಟ್‌ಕೇಸಿನಲ್ಲಿದ್ದ ಐದಾರು ಪದಾರ್ಥಗಳಿಗೆ. ಅಂಗಡಿಗೆ ಹೆಸರು ತರುವುದೂ ಅವೇ, ನಷ್ಟ ತರುವುದೂ ಅವೇ.

## ಪ್ಯಾಕ್ ಆದ ದಿನದಿಂದ ಎಣಿಕೆ

ಖಡಕ್ ರೊಟ್ಟಿಯನ್ನೇ ತೆಗೆದುಕೊಳ್ಳೋಣ. ಎಣ್ಣೆ ಹಾಕದೆ, ತೇವ ಪೂರ್ತಿ ಆರುವ ತನಕ ಸುಟ್ಟದ್ದು. ನಮ್ಮ ತಿನಿಸುಗಳಲ್ಲಿ ಇಷ್ಟು ತಾಳಿಕೆ ಬರುವುದು ಕಡಿಮೆ. ತಯಾರಿಸಿದವರು ಆರು ತಿಂಗಳ ಬಾಳಿಕೆ ಮುದ್ರಿಸಿದ್ದಾರೆ ಎಂದುಕೊಳ್ಳೋಣ, ಅಂದರೆ 180 ದಿನ. ಫ್ರಾಂಕ್‌ಫರ್ಟಿನ ಅಂಗಡಿಗೆ ಅದರಲ್ಲಿ ಎಷ್ಟು ಸಿಗುತ್ತದೆ?

ರೊಟ್ಟಿ ಒಂದೇ ದಿನ ತಯಾರಾಗುವುದಿಲ್ಲ. ಹರಪನಹಳ್ಳಿಯ ಒಂದು ಮಹಿಳಾ ಸಂಘ ನೂರಾರು ಪ್ಯಾಕೆಟ್ ಕೂಡಿಸಲು 15 ದಿನ ಬೇಕು. ಲಾರಿಯಲ್ಲಿ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿಗೆ ಸಾಗಿಸಿ, ಕಾಗದಪತ್ರ ಮುಗಿಸಿ, ಬೇರೆಯವರ ಮಾಲಿನ ಜೊತೆ ಕಂಟೇನರಿಗೆ ತುಂಬಿಸಲು 10 ದಿನ.

ಸಮುದ್ರಯಾನಕ್ಕೆ 40 ದಿನ ಇಟ್ಟುಕೊಳ್ಳಬೇಕು. ಸುಯೆಜ್ ಕಾಲುವೆಯ ದಾರಿಯಲ್ಲಿ ಇದು ಕಡಿಮೆಯೇ. ಆದರೆ 2023ರ ಡಿಸೆಂಬರಿನಲ್ಲಿ, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದಾಗ, ದೊಡ್ಡ ಹಡಗು ಕಂಪನಿಗಳು ಆಫ್ರಿಕಾದ ಗುಡ್ ಹೋಪ್ ಭೂಶಿರವನ್ನು ಸುತ್ತಿ ಹೋಗತೊಡಗಿದವು. ಯುರೋಪಿನ ಪ್ರಯಾಣಕ್ಕೆ ಹತ್ತರಿಂದ ಹದಿನಾಲ್ಕು ದಿನ ಹೆಚ್ಚಾಯಿತು. ಯಮನ್ ಕರಾವಳಿಯ ಕ್ಷಿಪಣಿಯೊಂದು ಹರಪನಹಳ್ಳಿಯ ರೊಟ್ಟಿಯ ಆಯುಷ್ಯದಿಂದ ಎರಡು ವಾರ ಕಿತ್ತುಕೊಳ್ಳಬಲ್ಲದು. ಯೋಜನೆ ಹಾಕುವವರು ಉದ್ದದ ದಾರಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಹ್ಯಾಂಬರ್ಗ್‌ನಲ್ಲಿ ಕಂಟೇನರ್ ಬಿಚ್ಚಿ, ಮಾಲು ಬೇರ್ಪಡಿಸಿ, ಕಸ್ಟಮ್ಸ್ ಮುಗಿಸಲು 10 ದಿನ. ಗೋದಾಮಿಗೆ ತಂದು ಜರ್ಮನ್ ಭಾಷೆಯ ಚೀಟಿ ಅಂಟಿಸಲು 5 ದಿನ. ಒಟ್ಟು 80.

ಉಳಿದದ್ದು ನೂರು. ಅದೂ ಪೂರ್ತಿ ಅಂಗಡಿಯದಲ್ಲ. ಕೊಂಡವರು ಮನೆಯಲ್ಲಿಟ್ಟು ತಿನ್ನಲು ಒಂದು ತಿಂಗಳಾದರೂ ಇರಬೇಕು, ಇಲ್ಲವಾದರೆ ಪ್ಯಾಕೆಟ್ ತಿರುಗಿಸಿ ನೋಡಿ ಮರಳಿ ಇಡುತ್ತಾರೆ. ಮಾರಾಟಕ್ಕೆ ಸಿಕ್ಕಿದ್ದು 70 ದಿನ.

ದಿನಕ್ಕೆ 8 ಪ್ಯಾಕೆಟ್ ಹೋಗುವ ಅಂಗಡಿಯಾದರೆ 70 ದಿನಕ್ಕೆ 560. ಉತ್ಸಾಹದಲ್ಲಿ 900 ತರಿಸಿದರೆ 340 ಉಳಿಯುತ್ತವೆ. ಸಗಟು ದರದಲ್ಲಿ ಸಿಕ್ಕ ಉಳಿತಾಯವೆಲ್ಲ ಅವುಗಳ ಜೊತೆ ತೊಟ್ಟಿಗೆ ಹೋಗುತ್ತದೆ. ಜಾಣತನದ ಆರ್ಡರ್ 500.

ದಿನ ಗಳಿಸಿಕೊಳ್ಳುವ ಅಗ್ಗದ ಜಾಗ ಹಡಗಲ್ಲ, ಊರು. ಲಾರಿ ಹೊರಡುವ ದಿನ ಮೊದಲು ಗೊತ್ತುಮಾಡಿ, ಅದರ ಹಿಂದಿನ ಐದೇ ದಿನಗಳಲ್ಲಿ ನಾಲ್ಕು ಮನೆಗಳ ಬದಲು ಹನ್ನೆರಡು ಮನೆಗಳಲ್ಲಿ ರೊಟ್ಟಿ ಬಡಿಸಿದರೆ 15 ದಿನ 5ಕ್ಕೆ ಇಳಿಯುತ್ತದೆ. ಮಾರಾಟಕ್ಕೆ 80 ದಿನ ಸಿಗುತ್ತದೆ. ಒಂದು ರೂಪಾಯಿ ಹಡಗು ಬಾಡಿಗೆ ಹೆಚ್ಚಿಸದೆ ಇನ್ನೂ 80 ಪ್ಯಾಕೆಟ್ ಮಾರಬಹುದು.

> ಚೌಕಟ್ಟು: ಯಾವುದಕ್ಕೆ ಎಷ್ಟು ದಿನ?
>
> ದಾರಿಗೆ 80 ದಿನ, ಗಿರಾಕಿಯ ಮನೆಗೆ 30 ದಿನ ಎಂದು ಹಿಡಿದರೆ ಅಂಗಡಿಗೆ ಉಳಿಯುವುದು ಇಷ್ಟು. (ಬಾಳಿಕೆಯ ಅವಧಿ ಲೆಕ್ಕಕ್ಕೆಂದು ಇಟ್ಟುಕೊಂಡದ್ದು. ಪ್ಯಾಕಿಂಗ್ ನೋಡಿ ಹೆಚ್ಚು ಕಡಿಮೆ ಆಗುತ್ತದೆ.)
>
> - ಬ್ಯಾಡಗಿ ಖಾರದ ಪುಡಿ, 365 ದಿನ: ಉಳಿದದ್ದು 255
> - ಖಡಕ್ ರೊಟ್ಟಿ, 180 ದಿನ: ಉಳಿದದ್ದು 70
> - ಗುರೆಳ್ಳು ಪುಡಿ, 120 ದಿನ: ಉಳಿದದ್ದು 10
> - ಶೇಂಗಾ ಪುಡಿ, 120 ದಿನ: ಉಳಿದದ್ದು 10, ಬಂದರಿನಲ್ಲಿ ಪರೀಕ್ಷೆಗೆ ನಿಂತರೆ ಸೊನ್ನೆ
> - ಜೋಳದ ಹಿಟ್ಟು, ಮಂಡಕ್ಕಿ, 90 ದಿನ: ಅಂಗಡಿ ತಲುಪುವಾಗಲೇ 20 ದಿನ ಸಾಲ

## ಗಾಳಿಗೆ ಕೊಡುವ ಬಾಡಿಗೆ

ಮಂಡಕ್ಕಿಗೆ ದಿನದ ತೊಂದರೆ ಮಾತ್ರವಲ್ಲ, ಜಾಗದ ತೊಂದರೆಯೂ ಇದೆ. ಕಂಟೇನರಿನಲ್ಲಿ ಪಾಲು ಪಡೆದು ಮಾಲು ಕಳಿಸುವವರಿಗೆ ಬಾಡಿಗೆ ನಿಗದಿಯಾಗುವುದು ಟನ್ ಅಥವಾ ಘನ ಮೀಟರ್, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ.

ಒಂದು ಘನ ಮೀಟರ್ ಜಾಗದಲ್ಲಿ ತೊಗರಿಬೇಳೆ ಮುಕ್ಕಾಲು ಟನ್ನಿನಷ್ಟು ಹಿಡಿಸುತ್ತದೆ. ಅದೇ ಜಾಗದಲ್ಲಿ ಮಂಡಕ್ಕಿ ನೂರು ಕಿಲೋ ಕೂಡ ಹಿಡಿಸುವುದಿಲ್ಲ. ಕಿಲೋ ಲೆಕ್ಕದಲ್ಲಿ ಮಂಡಕ್ಕಿ ಬೇಳೆಗಿಂತ ಏಳೆಂಟು ಪಟ್ಟು ಬಾಡಿಗೆ ಕೊಡಬೇಕು. ಜೊತೆಗೆ ಗಾಳಿಯ ತೇವ ಹೀರಿ ಮೆತ್ತಗಾಗುವ ಗುಣ ಬೇರೆ.

ಖಡಕ್ ರೊಟ್ಟಿಯೂ ಜಾಗ ತಿನ್ನುತ್ತದೆ, ಮೇಲಾಗಿ ಮುರಿಯುತ್ತದೆ. ದುಂಡಗಿನ ರೊಟ್ಟಿ ಚೌಕ ಪೆಟ್ಟಿಗೆಯಲ್ಲಿ ಕೂತಾಗ ಮೂಲೆಗಳು ಖಾಲಿ ಉಳಿಯುತ್ತವೆ. ಅಲ್ಲಿ ಪುಡಿ, ಬೆಲ್ಲದಂಥ ಸಣ್ಣ ಪ್ಯಾಕೆಟ್ ತುರುಕಿದರೆ ಬಾಡಿಗೆಯೂ ದಕ್ಕಿತು, ರೊಟ್ಟಿಯೂ ಅಲುಗಲಿಲ್ಲ.

ಇನ್ನೊಂದು ಶತ್ರು ಕಂಟೇನರಿನ ಒಳಗೇ ಇದೆ. ಬಿಸಿ ಸಮುದ್ರದಿಂದ ತಣ್ಣನೆಯ ಸಮುದ್ರಕ್ಕೆ ಹಡಗು ಹೋದಂತೆ ಒಳಗಿನ ತೇವಗಾಳಿ ತಗಡಿನ ಚಾವಣಿಗೆ ತಾಕಿ ನೀರಾಗಿ ಹನಿಯುತ್ತದೆ. ಹಡಗಿನವರು ಇದಕ್ಕೆ ಕಂಟೇನರ್ ಮಳೆ ಎನ್ನುತ್ತಾರೆ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳನ್ನು ಗೋಡೆಗೆ ನೇತುಹಾಕಬೇಕು, ಪೆಟ್ಟಿಗೆಗಳ ಮೇಲೆ ಹೊದಿಕೆ ಹಾಕಬೇಕು. ಸಾದಾ ಪ್ಲಾಸ್ಟಿಕ್ ಚೀಲ ಸಾಲದು. ತೇವ, ಬೆಳಕು ಎರಡನ್ನೂ ತಡೆಯುವ ಬೆಳ್ಳಿ ಬಣ್ಣದ ಲ್ಯಾಮಿನೇಟ್ ಪೊಟ್ಟಣ ಬೇಕು.

ಮುದ್ರಿಸಿದ 180 ದಿನ ನಿಜವೇ ಎಂದು ತಿಳಿಯುವುದು ಹೇಗೆ? ಮೈಸೂರಿನ ಸಿಎಫ್‌ಟಿಆರ್‌ಐನಂಥ ಪ್ರಯೋಗಾಲಯಗಳಲ್ಲಿ ಪ್ಯಾಕೆಟ್ಟನ್ನು ಸುಮಾರು 38 ಡಿಗ್ರಿ ಶಾಖ, ಶೇ 90ರ ಆಸುಪಾಸಿನ ತೇವದಲ್ಲಿಟ್ಟು ಬೇಗ ಮುದಿಯಾಗಿಸಿ ನೋಡುತ್ತಾರೆ. ಊರಿನಲ್ಲೂ ಒಂದು ಪರೀಕ್ಷೆ ಮಾಡಬಹುದು. ಪ್ರತಿ ಸಲದ ತಯಾರಿಕೆಯಿಂದ ಹತ್ತು ಪ್ಯಾಕೆಟ್ ಎತ್ತಿಟ್ಟು, ತಗಡಿನ ಮನೆಯ ಬಿಸಿಯಲ್ಲಿರಿಸಿ, ಹದಿನೈದು ದಿನಕ್ಕೊಂದು ಒಡೆಯಬೇಕು. ರೊಟ್ಟಿ ಮುರಿದಾಗ ಸದ್ದು ಬರದೆ ಬಾಗಿದರೆ ತೇವ ಒಳಹೊಕ್ಕಿದೆ. ಪುಡಿ ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿದೆ. ಆ ದಿನಾಂಕಕ್ಕಿಂತ ತಿಂಗಳು ಹಿಂದಿನದನ್ನೇ ಪ್ಯಾಕೆಟ್ ಮೇಲೆ ಹಾಕಬೇಕು.

## ಶೇಂಗಾ ಎಂಬ ಕಟ್ಟುನಿಟ್ಟಿನ ಗಡಿ

ಈಗ ಎಲ್ಲರೂ ಕೇಳುವ ಶೇಂಗಾ ಪುಡಿಗೆ ಬರೋಣ. ಕೂಡ್ಲಿಗಿ, ಕೊಟ್ಟೂರಿನ ಕೆಂಪು ಮಣ್ಣಿನ ಹೊಲಗಳಲ್ಲಿ ಮಳೆ ನಂಬಿ ಬೆಳೆಯುವ ಕಾಯಿ. ರುಚಿಯಲ್ಲಿ ತಕರಾರಿಲ್ಲ. ತಕರಾರು ಇರುವುದು ಕಣ್ಣಿಗೆ ಕಾಣದ ಒಂದು ವಿಷದಲ್ಲಿ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣವೇ ಗೊತ್ತಾಗದೆ ಸತ್ತವು. ಜಾಡು ಹಿಡಿದು ಹೋದವರು ನಿಂತದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯ ಮುಂದೆ. ಅದರಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಸುರಿಸಿದ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ.

ನೇರವಾಗಿ ತಿನ್ನುವ ಶೇಂಗಾದಲ್ಲಿ ಐರೋಪ್ಯ ಒಕ್ಕೂಟ ಒಪ್ಪುವ ಮಿತಿ ಕಿಲೋಗೆ ಒಟ್ಟು 4 ಮೈಕ್ರೋಗ್ರಾಂ. ಅಂದರೆ ಒಂದು ಟನ್ನಿನಲ್ಲಿ 4 ಮಿಲಿಗ್ರಾಂ. ಅಮೆರಿಕದ ಮಿತಿ 20 ಮೈಕ್ರೋಗ್ರಾಂ. ನ್ಯೂಜೆರ್ಸಿಯ ಅಂಗಡಿಯಲ್ಲಿ ನಿರಾಳವಾಗಿ ಕೂರುವ ಪೊಟ್ಟಣ ಹ್ಯಾಂಬರ್ಗ್‌ನಲ್ಲಿ ಸಿಕ್ಕಿಬೀಳಬಹುದು.

ಈ ಬೂಷ್ಟಿನ ಬೀಜ ಬಿತ್ತುವುದು ಬರ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು ಕಾದಾಗ, ಗಿಡ ಸೊರಗಿ ಕಾಯಿಯ ಸಿಪ್ಪೆ ಬಿರಿಯುತ್ತದೆ, ಬೂಷ್ಟು ಹೊಲದಲ್ಲೇ ಒಳಹೋಗುತ್ತದೆ. ಕಿತ್ತ ಮೇಲೆ ಸರಿಯಾಗಿ ಒಣಗದೆ ಚೀಲ ತುಂಬಿದರೆ ಅಲ್ಲಿ ಹಬ್ಬುತ್ತದೆ. ಬಯಲುಸೀಮೆಯಲ್ಲಿ ಮೊದಲನೆಯದು ಆಗಾಗ ಬರುವ ಅತಿಥಿ. ಎರಡನೆಯದು ಮಾತ್ರ ನಮ್ಮ ಕೈಯಲ್ಲಿದೆ: ಕಾಯಿ ಅಲುಗಿಸಿದರೆ ಒಳಗಿನ ಬೀಜ ಗಲಗಲ ಎನ್ನುವ ತನಕ ಒಣಗಿಸುವುದು, ತೇವ ಅಳೆಯುವ ಮೀಟರಿನಲ್ಲಿ ಶೇ 8ರ ಆಸುಪಾಸಿಗೆ ಇಳಿಯುವ ತನಕ ಚೀಲ ಹೊಲಿಯದಿರುವುದು, ಸುಕ್ಕು ಬಿದ್ದ, ಬಣ್ಣ ಕೆಟ್ಟ, ಮುರಿದ ಬೀಜ ಆರಿಸಿ ತೆಗೆಯುವುದು.

ಇಷ್ಟಾದರೂ ಖಾತ್ರಿಯಿಲ್ಲ. ವಿಷ ಎಲ್ಲ ಬೀಜಗಳಲ್ಲಿ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಬೀಜಗಳಲ್ಲಿ ಒಂದೆರಡರಲ್ಲಿ ದಟ್ಟವಾಗಿ ಕೂತಿರುತ್ತದೆ. ಹಾಗಾಗಿ ಬೆಂಗಳೂರಿನ ಪ್ರಯೋಗಾಲಯದಲ್ಲಿ ಪಾಸಾದ ಲಾಟು ಹ್ಯಾಂಬರ್ಗ್‌ನಲ್ಲಿ ಫೇಲಾಗಬಹುದು. ಎರಡೂ ಕಡೆ ಯಾರೂ ತಪ್ಪು ಮಾಡಿರಬೇಕಾಗಿಲ್ಲ.

ಭಾರತದ ಶೇಂಗಾ ಮತ್ತು ಅದರಿಂದ ಮಾಡಿದ ಪದಾರ್ಥಗಳು ಐರೋಪ್ಯ ಒಕ್ಕೂಟದ ಬಿಗಿ ತಪಾಸಣೆಯ ಪಟ್ಟಿಯಲ್ಲಿವೆ. 2019ರ 1793ನೇ ನಿಯಮಾವಳಿಯ ಈ ಪಟ್ಟಿ ಆರು ತಿಂಗಳಿಗೊಮ್ಮೆಯಾದರೂ ಪರಿಶೀಲನೆಗೆ ಬರುತ್ತದೆ, ನೂರಕ್ಕೆ ಎಷ್ಟು ಲೋಡ್ ತಡೆದು ಪರೀಕ್ಷಿಸಬೇಕು ಎಂಬ ಪ್ರಮಾಣ ಬದಲಾಗುತ್ತಿರುತ್ತದೆ. ಶೇಂಗಾ ಚಿಕ್ಕಿ, ಶೇಂಗಾ ಹೋಳಿಗೆಯೂ ತಪ್ಪಿಸಿಕೊಳ್ಳುವುದಿಲ್ಲ. ಮಿಠಾಯಿ, ಬೇಕರಿ ತಿನಿಸಿನಲ್ಲಿ ಶೇ 20ಕ್ಕಿಂತ ಹೆಚ್ಚು ಶೇಂಗಾ ಇದ್ದರೆ ಅದೂ ಪಟ್ಟಿಗೆ ಸೇರುತ್ತದೆ.

ಇಲ್ಲಿಂದ ಹೊರಡುವ ಮೊದಲೇ ಪ್ರಯೋಗಾಲಯದ ವರದಿ, ಸರ್ಕಾರಿ ಪ್ರಮಾಣಪತ್ರ ಬೇಕು. ಹಡಗು ತಲುಪುವ ಮುನ್ನ ಟ್ರೇಸಸ್ ಎಂಬ ಐರೋಪ್ಯ ಜಾಲದಲ್ಲಿ ಮುಂಗಡ ಮಾಹಿತಿ ತುಂಬಬೇಕು. ಪರೀಕ್ಷೆಗೆ ಆಯ್ಕೆಯಾದರೆ ವರದಿ ಬರುವ ತನಕ ಮಾಲು ಅಲ್ಲೇ ನಿಲ್ಲುತ್ತದೆ, ನಿಂತ ಜಾಗದ ಬಾಡಿಗೆಯೂ ಪರೀಕ್ಷೆಯ ಶುಲ್ಕವೂ ಆಮದುದಾರರ ಮೇಲೆ. ಫೇಲಾದರೆ ಸಾಮಾನ್ಯವಾಗಿ ವಾಪಸು ಕಳಿಸಬೇಕು ಇಲ್ಲವೇ ಸುಡಬೇಕು. ಇನ್ನೂರು ಕಿಲೋ ಪುಡಿ ತರಿಸುವ ಸಣ್ಣ ಅಂಗಡಿಗೆ ಪಾಸಾದರೂ ಲಾಭವಿಲ್ಲ.

> ಚೌಕಟ್ಟು: ಸೂಟ್‌ಕೇಸಿಗೂ ಕಟ್ಟಳೆ
>
> - ಭಾರತದಿಂದ ಐರೋಪ್ಯ ಒಕ್ಕೂಟಕ್ಕೆ ಹೋಗುವ ಪ್ರಯಾಣಿಕರು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಧಾರವಾಡ ಪೇಢೆ, ಬೆಳಗಾವಿ ಕುಂದಾ, ಮನೆಯ ತುಪ್ಪ ಎಲ್ಲವೂ ಇದರಲ್ಲಿ ಸೇರಿವೆ.
> - ಹಸಿ ಕರಿಬೇವಿಗೆ ಸಸ್ಯರೋಗ ಮುಕ್ತ ಎಂಬ ಸರ್ಕಾರಿ ಪ್ರಮಾಣಪತ್ರ ಬೇಕು. ಈ ಪತ್ರ ಬೇಡವಾದ ಹಣ್ಣುಗಳು ಐದೇ: ಬಾಳೆ, ತೆಂಗು, ಖರ್ಜೂರ, ಅನಾನಸ್, ಡೂರಿಯನ್.
> - ಅಮೆರಿಕದಲ್ಲಿ ಗುರೆಳ್ಳು ಹೆಚ್ಚಾಗಿ ಹಕ್ಕಿಗಳ ಆಹಾರ. ಕಳೆ ಬೀಜ ಮೊಳೆಯದಂತೆ 120 ಡಿಗ್ರಿಯಲ್ಲಿ 15 ನಿಮಿಷ ಕಾಯಿಸಿದ ಮೇಲೆಯೇ ಒಳಗೆ ಬಿಡುತ್ತಾರೆ.
> - ಭಾರತಕ್ಕೂ ಇಂಥದೇ ನಿಯಮವಿದೆ. ಹೊರದೇಶದ ಆಹಾರ ಇಲ್ಲಿಗೆ ಬರುವಾಗ ಶೇ 60ರಷ್ಟು ಬಾಳಿಕೆ ಅಥವಾ ಮೂರು ತಿಂಗಳು, ಎರಡರಲ್ಲಿ ಕಡಿಮೆ ಯಾವುದೋ ಅಷ್ಟಾದರೂ ಉಳಿದಿರಬೇಕು.

## ಸಂಕ್ರಾಂತಿಗೆ ಎರಡು ಬೀಗ

ಇದೇ ಕಷ್ಟ ಇಮ್ಮಡಿಯಾಗುವುದು ಎಳ್ಳು–ಬೆಲ್ಲದ ಪೊಟ್ಟಣದಲ್ಲಿ.

2020ರ ಸೆಪ್ಟೆಂಬರಿನಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಅನಿಲದ ಅಂಶವಿದೆ ಎಂದು ಬೆಲ್ಜಿಯಂ ಎಚ್ಚರಿಕೆ ಹೊರಡಿಸಿತು. ಸಾಲ್ಮೊನೆಲ್ಲಾ ಸೂಕ್ಷ್ಮಾಣು ಕೊಲ್ಲಲು ಹಾಯಿಸುವ ಅನಿಲ ಅದು. ಯುರೋಪಿನಲ್ಲಿ ಆಹಾರಕ್ಕೆ ಅದನ್ನು ಬಳಸುವಂತಿಲ್ಲ. ಎಳ್ಳು ಬಿದ್ದಿದ್ದ ಬ್ರೆಡ್ಡು, ಬಿಸ್ಕತ್ತುಗಳೆಲ್ಲ ಕಪಾಟುಗಳಿಂದ ಕೆಳಗಿಳಿದವು. ಮುಂದಿನ ತಿಂಗಳಿಂದಲೇ ಭಾರತದ ಎಳ್ಳಿಗೆ ಪ್ರಮಾಣಪತ್ರ ಕಡ್ಡಾಯವಾಯಿತು, ಬಂದ ಲೋಡುಗಳಲ್ಲಿ ಅರ್ಧದಷ್ಟನ್ನು ಪರೀಕ್ಷಿಸಲು ಹೊರಟರು.

ಎಳ್ಳು–ಬೆಲ್ಲದಲ್ಲಿ ಎಳ್ಳೂ ಇದೆ, ಶೇಂಗಾವೂ ಇದೆ. ಒಂದೇ ಪೊಟ್ಟಣಕ್ಕೆ ಎರಡು ಬೀಗ.

ಪಂಚಾಂಗವೂ ಅಡ್ಡ ಬರುತ್ತದೆ. ಜನವರಿ ಎರಡನೇ ವಾರದ ಹಬ್ಬಕ್ಕೆ ಮಾಲು ಅಂಗಡಿಯಲ್ಲಿರಬೇಕಾದರೆ ಅಕ್ಟೋಬರಿನಲ್ಲೇ ಊರು ಬಿಡಬೇಕು. ಮುಂಗಾರಿನ ಹೊಸ ಶೇಂಗಾ ಕಣಕ್ಕೆ ಬರುವುದೇ ಅಕ್ಟೋಬರ್–ನವೆಂಬರಿನಲ್ಲಿ. ಅದನ್ನು ಒಣಗಿಸಿ, ಪರೀಕ್ಷಿಸಿ ಕಳಿಸಲು ಹೊತ್ತಿಲ್ಲ. ಹಳೆಯ ಶೇಂಗಾ ಕಳಿಸಿದರೆ ಗೋದಾಮಿನಲ್ಲಿ ಒಂದು ಮಳೆಗಾಲ ಕಂಡ ಬೀಜ ಅದು, ಅಪಾಯ ಇನ್ನೂ ಹೆಚ್ಚು. ಸಂಕ್ರಾಂತಿಯ ಎಳ್ಳು–ಬೆಲ್ಲವನ್ನು ಊರಿಂದ ಹಡಗಿನಲ್ಲಿ ತರಿಸುವ ಯೋಜನೆ ಕಾಗದದ ಮೇಲೆಯೇ ಬೀಳುತ್ತದೆ.

## ಕಾಳು ಕಳಿಸಿ, ಅಲ್ಲೇ ಬೀಸಿ

ಚೌಕಟ್ಟಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಒಂದು ದಾರಿ ಕಾಣುತ್ತದೆ. ಸೋತ ಮಾಲಿನಲ್ಲಿ ಹೆಚ್ಚಿನದು ಪುಡಿ ಮಾಡಿದ್ದು. ಕಾಳು ಇಡಿಯಾಗಿದ್ದಾಗ ಅದರ ಎಣ್ಣೆ ಸಿಪ್ಪೆಯೊಳಗೆ ಭದ್ರ. ಬೀಸಿದ ಗಳಿಗೆಯಿಂದ ಗಾಳಿ ತಾಕಿ ಕಮಟಾಗತೊಡಗುತ್ತದೆ.

ಜೋಳದ ಹಿಟ್ಟಿನ ಕಥೆ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ರೊಟ್ಟಿಯ ಅಂಚು ಹರಿಯುತ್ತದೆ, ಕಹಿ ಬರುತ್ತದೆ. ಹೊರನಾಡಿನಲ್ಲಿ ಎಷ್ಟೋ ಮಂದಿ ರೊಟ್ಟಿ ಕೈಗೆ ಬರಲಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ತಪ್ಪು ನಾಲ್ಕು ತಿಂಗಳ ಹಿಂದೆ ಬೀಸಿದ ಹಿಟ್ಟಿನದು.

ಹಾಗಾಗಿ ಯೋಜನೆ ತಿರುಗುತ್ತದೆ. ಹಿಟ್ಟಿನ ಬದಲು ಹಿಂಗಾರಿನ ಬಿಳಿ ಜೋಳವನ್ನು ಕಾಳಾಗಿಯೇ ತರಿಸುವುದು. ಚೆನ್ನಾಗಿ ಒಣಗಿ ಹುಳ ಬೀಳದಂತೆ ಕಟ್ಟಿದರೆ ವರ್ಷ ಇರುತ್ತದೆ, ಜಾಗವೂ ಕಡಿಮೆ ತಿನ್ನುತ್ತದೆ. ಜರ್ಮನಿಯಲ್ಲಿ ಮನೆಯಲ್ಲೇ ಕಾಳು ಬೀಸಿಕೊಳ್ಳುವವರಿಗಾಗಿ ಸಣ್ಣ ಕಲ್ಲಿನ ಗಿರಣಿಗಳು ಸಿಗುತ್ತವೆ. ಅಂಗಡಿಯ ಮೂಲೆಯಲ್ಲಿ ಅಂಥದೊಂದು ಇಟ್ಟು, ಶುಕ್ರವಾರ ಬೀಸಿ ಶನಿವಾರ ಮಾರಿದರೆ ಸೂಟ್‌ಕೇಸಿನ ಹಿಟ್ಟಿಗಿಂತ ಹೊಸ ಹಿಟ್ಟು ಸಿಗುತ್ತದೆ. ಬೀಸಿದ ದಿನವನ್ನು ಪೊಟ್ಟಣದ ಮೇಲೆ ದಪ್ಪಗೆ ಬರೆಯಬೇಕು. ಬೀಸುವುದು ಅಲ್ಲಿ ಆಹಾರ ತಯಾರಿಕೆಯಾಗುವುದರಿಂದ ಸ್ಥಳೀಯ ಆಹಾರ ಇಲಾಖೆಯಲ್ಲಿ ನೋಂದಣಿ, ಸ್ವಚ್ಛತೆಯ ತಪಾಸಣೆ ತಪ್ಪದು.

ಶೇಂಗಾ ಪುಡಿಗೂ ಇದೇ ಉಪಾಯ. ಯುರೋಪಿನ ಸಗಟು ಪೇಟೆಯಲ್ಲಿ ಪರೀಕ್ಷೆ ಮುಗಿಸಿ ಒಳಬಂದ ಶೇಂಗಾ ಮೂಟೆಗಟ್ಟಲೆ ಇದೆ, ಅದನ್ನು ಕೊಂಡು ಅಲ್ಲೇ ಹುರಿದು, ಊರಿನ ಬ್ಯಾಡಗಿ ಖಾರ ಬೆರೆಸಿ ಕುಟ್ಟುವುದು. ಶೇಂಗಾ ಕೂಡ್ಲಿಗಿಯದಲ್ಲ ಎಂದು ಗಿರಾಕಿಗೆ ನೇರವಾಗಿ ಹೇಳಬೇಕು. ಖಾರದ ಪುಡಿಗೂ ಅಫ್ಲಾಟಾಕ್ಸಿನ್ ಮಿತಿಯಿದೆ, ಮಸಾಲೆಗಳಿಗೆ ಅದು ಕಿಲೋಗೆ 10 ಮೈಕ್ರೋಗ್ರಾಂ. ವರದಿ ಇಲ್ಲದ ಖಾರ ಕೊಳ್ಳಬಾರದು.

ಗುರೆಳ್ಳಿನ ವಿಷಯದಲ್ಲಿ ಒಂದು ಹೆಜ್ಜೆ ಹೆಚ್ಚು. 1997ರ ಮೇ 15ಕ್ಕೆ ಮೊದಲು ಯುರೋಪಿನಲ್ಲಿ ಗಣನೀಯವಾಗಿ ತಿನ್ನದೆ ಇದ್ದ ಪದಾರ್ಥವನ್ನು ಅಲ್ಲಿನ ಕಾನೂನು ಹೊಸ ಆಹಾರ ಎಂದು ಹಿಡಿದು ಪ್ರತ್ಯೇಕ ಅನುಮತಿ ಕೇಳುತ್ತದೆ. ನಮಗೆ ಅಜ್ಜಿಯ ಕಾಲದ ಪುಡಿ, ಅವರಿಗೆ ಹೊಸದಾಗಿರಬಹುದು. ಆರ್ಡರ್ ಕೊಡುವ ಮೊದಲೇ ಒಕ್ಕೂಟದ ಪಟ್ಟಿ ತೆರೆದು, ಸ್ಥಳೀಯ ಅಧಿಕಾರಿಯಿಂದ ಲಿಖಿತ ಉತ್ತರ ಪಡೆಯಬೇಕು. ಸರಬರಾಜುದಾರರ ಮಾಲು ಹಿಂದೆ ಎಲ್ಲಾದರೂ ಸಿಕ್ಕಿಬಿದ್ದ ಎಚ್ಚರಿಕೆಗಳಿವೆಯೇ ಎಂದೂ ಒಕ್ಕೂಟದ ಸಾರ್ವಜನಿಕ ಜಾಲತಾಣದಲ್ಲಿ ನೋಡಬಹುದು.

## ಒಗ್ಗರಣೆಯೂ ಚೀಟಿಯಲ್ಲಿ

ಚೀಟಿ ಅಂಟಿಸಲು ಇಟ್ಟ ಐದು ದಿನವನ್ನು ಹಗುರವಾಗಿ ಕಾಣಬಾರದು. ಪ್ಯಾಕೆಟ್ ಮೇಲಿನ ಕನ್ನಡ, ಇಂಗ್ಲಿಷ್ ಅಲ್ಲಿ ಲೆಕ್ಕಕ್ಕಿಲ್ಲ. ಪದಾರ್ಥಗಳ ಪಟ್ಟಿ, ಪೋಷಕಾಂಶ, ತೂಕ, ದಿನಾಂಕ, ಆಮದುದಾರರ ವಿಳಾಸ ಎಲ್ಲವೂ ಜರ್ಮನ್ ಭಾಷೆಯಲ್ಲಿರಬೇಕು.

ಅಲರ್ಜಿ ತರುವ 14 ಬಗೆಯ ಪದಾರ್ಥಗಳನ್ನು ದಪ್ಪಕ್ಷರದಲ್ಲೋ ಬೇರೆ ರೀತಿಯಲ್ಲೋ ಎದ್ದು ಕಾಣಿಸಬೇಕು. ಆ ಪಟ್ಟಿಯಲ್ಲಿ ಶೇಂಗಾ, ಎಳ್ಳು, ಹಾಲು, ಗೋಧಿಯ ಜೊತೆ ಸಾಸಿವೆಯೂ ಇದೆ. ನಮ್ಮಲ್ಲಿ ಸಾಸಿವೆ ಇಲ್ಲದ ಒಗ್ಗರಣೆ ಯಾವುದು? ಮೇಲಾಗಿ ಇಂಗು. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಚಟ್ನಿಪುಡಿಯ ತಯಾರಕರು ಬರೀ "ಇಂಗು" ಎಂದು ಬರೆದು ಕಳಿಸಿದರೆ ಆ ಪುಡಿಯಲ್ಲಿ ಗೋಧಿ ಇದೆಯೆಂದು ಚೀಟಿಯಲ್ಲಿ ಬರುವುದೇ ಇಲ್ಲ. ತಪಾಸಣೆಯಲ್ಲಿ ಇಡೀ ಲಾಟು ಕೆಳಗಿಳಿಸಲು ಅಷ್ಟು ಸಾಕು. ಹೊಣೆ ಹರಪನಹಳ್ಳಿಯವರದಲ್ಲ, ಫ್ರಾಂಕ್‌ಫರ್ಟಿನ ಆಮದುದಾರರದು.

ದಿನಾಂಕದಲ್ಲಿ ಮಾತ್ರ ಒಂದಿಷ್ಟು ಸಡಿಲವಿದೆ. "ಇಂಥ ದಿನದವರೆಗೆ ಉತ್ತಮ" ಎಂಬ ಗುರುತಿನ ಒಣ ಪದಾರ್ಥವನ್ನು ಆ ದಿನ ದಾಟಿದ ಮೇಲೂ ಜರ್ಮನಿಯಲ್ಲಿ ಮಾರಬಹುದು. ಪದಾರ್ಥ ಕೆಟ್ಟಿಲ್ಲವೆಂದು ನೋಡಿಕೊಳ್ಳುವ ಭಾರ ಅಂಗಡಿಯವರದು. "ಇಂಥ ದಿನದೊಳಗೆ ಬಳಸಿ" ಎಂದಿದ್ದರೆ ಆ ರಿಯಾಯಿತಿ ಇಲ್ಲ. ಕೊನೆಯ ಮೂವತ್ತು ದಿನದ ರೊಟ್ಟಿಗೆ ಒಂದು ರಿಯಾಯಿತಿ ಕಪಾಟು ಇಡಬೇಕು, ಆದರೆ ಲಾಭದ ಲೆಕ್ಕದಲ್ಲಿ ಅದನ್ನು ಸೇರಿಸಬಾರದು.

## ದೆಹಲಿಯಿಂದ ಬರುವ ಬೀಗ

ಬಂದರಿನ ಬೀಗ ಆ ಕಡೆಯದೇ ಆಗಬೇಕೆಂದಿಲ್ಲ. 2022ರ ಮೇ 13ರಂದು ಗೋಧಿ ರಫ್ತು ನಿಂತಿತು, ಆಗಸ್ಟಿನಲ್ಲಿ ಗೋಧಿ ಹಿಟ್ಟು, ಮೈದಾ, ರವೆಗೂ ತಡೆ ಬಿತ್ತು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಸರ್ಕಾರ ನಿಷೇಧಿಸಿತು. ತುಂಗಭದ್ರೆಯ ನೀರಿನಲ್ಲಿ ಗಂಗಾವತಿ, ಸಿಂಧನೂರಿನ ಸುತ್ತ ಬೆಳೆಯುವ ಸೋನಾ ಮಸೂರಿಯೂ ಅದರಲ್ಲಿ ಸೇರಿತ್ತು.

ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಮರುದಿನವೇ ಸಾಲು ನಿಂತಿತು. ಕಾರಿನ ತುಂಬ ಚೀಲ ಹೇರಿಕೊಂಡವರ ವಿಡಿಯೊಗಳು ಊರೆಲ್ಲ ಹರಿದಾಡಿದವು. ಮನೆಗೊಂದೇ ಚೀಲ ಎಂಬ ಫಲಕಗಳು ಬಂದವು. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ ಕೊನೆಗೆ.

ಬಾಡಿಗೆ, ಸಂಬಳ ಯಾವ ನಿಷೇಧಕ್ಕೂ ನಿಲ್ಲುವುದಿಲ್ಲ. ಅಂಗಡಿಯ ಅರ್ಧ ವಹಿವಾಟು ಒಂದೇ ಧಾನ್ಯದ ಮೇಲೆ ನಿಲ್ಲದಂತೆ ನೋಡಿಕೊಳ್ಳಬೇಕು. ಅಕ್ಕಿಯನ್ನು ಮೂರು ತಿಂಗಳಿಗೆ ಆಗುವಷ್ಟು ಮಾತ್ರ ಇಟ್ಟು, ಪರ್ಯಾಯ ಅಕ್ಕಿಯ ಸಗಟುದಾರರ ಜೊತೆ ಮೊದಲೇ ಮಾತಾಡಿಕೊಂಡಿರಬೇಕು.

## ಮೊದಲ ಲೋಡಿನ ಪಟ್ಟಿ

ಇಷ್ಟೆಲ್ಲ ಸೋಸಿದ ಮೇಲೆ ಹರಪನಹಳ್ಳಿಯಿಂದ ಹೊರಡುವ ಮೊದಲ ಲೋಡಿನಲ್ಲಿ ಉಳಿಯುವುದು ಮೂರೇ: ಖಡಕ್ ರೊಟ್ಟಿ 500 ಪ್ಯಾಕೆಟ್, ಬಿಳಿ ಜೋಳದ ಕಾಳು, ಪರೀಕ್ಷೆಯ ವರದಿ ಇರುವ ಬ್ಯಾಡಗಿ ಖಾರ. ಗುರೆಳ್ಳು ಲಿಖಿತ ಉತ್ತರ ಬಂದ ಮೇಲೆ. ಶೇಂಗಾ ಪುಡಿ, ಎಳ್ಳು–ಬೆಲ್ಲ ಅಲ್ಲೇ ತಯಾರು. ಪೇಢೆ, ಕುಂದಾ, ಮಂಡಕ್ಕಿ ಪಟ್ಟಿಯಿಂದ ಹೊರಗೆ. ಯುಗಾದಿಗೆ ಬೇಕಾದ ಮಾಲಿನ ಲಾರಿ ಡಿಸೆಂಬರಿನಲ್ಲೇ ಹೊರಡಬೇಕು.

ಊರಿನಲ್ಲಿ ಮಾಲು ಕೂಡಿಸುವವರಿಗೆ ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು, ರಫ್ತುದಾರರಿಗೆ ವಿದೇಶ ವ್ಯಾಪಾರ ಇಲಾಖೆಯ ಐಇಸಿ ಸಂಖ್ಯೆ ಬೇಕು. ಅದಕ್ಕಿಂತ ಮೊದಲು ತೇವದ ಮೀಟರ್, ಪ್ಯಾಕ್ ಮಾಡಿದ ದಿನವನ್ನೇ ಮುದ್ರಿಸುವ ಶಿಸ್ತು, ಪ್ರತಿ ತಯಾರಿಕೆಯ ಹತ್ತು ಪ್ಯಾಕೆಟ್ ಎತ್ತಿಡುವ ಒಂದು ಕಪಾಟು ಬೇಕು.

ಎರಡನೇ ಲೋಡಿನ ಗಾತ್ರವನ್ನು ಗಿರಾಕಿಗಳ ಮೆಚ್ಚುಗೆಯಿಂದ ನಿರ್ಧರಿಸಬಾರದು, ಅದು ಮೊದಲ ವಾರ ಎಲ್ಲ ಅಂಗಡಿಗೂ ಸಿಗುತ್ತದೆ. ರೊಟ್ಟಿಯ ಕೊನೆಯ ದಿನಾಂಕಕ್ಕೆ ಮೂವತ್ತು ದಿನ ಇರುವಾಗ ಕಪಾಟಿನಲ್ಲಿ ಎಷ್ಟು ಪ್ಯಾಕೆಟ್ ಉಳಿದಿವೆ ಎಂದು ಎಣಿಸಬೇಕು. ಐವತ್ತಕ್ಕಿಂತ ಕಡಿಮೆ ಇದ್ದರೆ ಇನ್ನೊಂದು 500. ನೂರು ದಾಟಿದ್ದರೆ ಮುಂದಿನ ಆರ್ಡರ್ 300ಕ್ಕೆ ಇಳಿಯಬೇಕು.